ಏಳು ದಿನದ ವಾಯಿದೆ

ಚಳ್ಳಕೆರೆಯ ಮಂಡಿಯಲ್ಲಿ ಕೂತು ‘ಗ್ರೇಸ್ ಪೀರಿಯಡ್’ ಎಂದರೆ ಯಾರೂ ತಲೆ ಎತ್ತುವುದಿಲ್ಲ. ‘ವಾಯಿದೆ’ ಎನ್ನಿ, ಲೆಕ್ಕ ಬರೆಯುತ್ತಿದ್ದವನೂ ಪೆನ್ನು ಕೆಳಗಿಟ್ಟು ನಿಮ್ಮತ್ತ ನೋಡುತ್ತಾನೆ. ಅಪ್ಪ ಅಲ್ಲಿನ ಒಂದು ಶೇಂಗಾ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಉದ್ರಿ ಪುಸ್ತಕದಲ್ಲಿ ಹೆಸರಿನ ಮುಂದೆ ಮೊತ್ತ, ಮೊತ್ತದ ಮುಂದೆ ವಾಯಿದೆ ಬರೆಯುತ್ತಿದ್ದರು. ಆ ವಾಯಿದೆ ಎಲ್ಲರಿಗೂ ಒಂದೇ ಇರುತ್ತಿರಲಿಲ್ಲ. ರೈತನಾದರೆ ಕಾಯಿ ಕಿತ್ತು ಮಾರುವತನಕ, ಕಿರಾಣಿ ಅಂಗಡಿಯವನಾದರೆ ಮುಂದಿನ ಸಂತೆಯತನಕ, ಮೇಷ್ಟರಾದರೆ ಸಂಬಳದ ದಿನದತನಕ. ಯಾರ ಕೈಗೆ ದುಡ್ಡು ಯಾವತ್ತು ಬರುತ್ತದೆ ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು.

ಅದೇ ಕೆಲಸವನ್ನು ಈಗ ನಾನು ಮಾಡುತ್ತೇನೆ, ಪುಸ್ತಕದ ಬದಲು ಕಂಪ್ಯೂಟರಿನಲ್ಲಿ. ನಾನು ಮತ್ತು ನನ್ನ ಗೆಳೆಯ ಸೇರಿ ಎಣ್ಣೆ ಮಿಲ್ಲು, ಬೀಜ ಗೊಬ್ಬರದ ಅಂಗಡಿ, ಮೊಳಕಾಲ್ಮೂರಿನ ಸೀರೆ ಅಂಗಡಿಗಳಿಗೆ ಬಿಲ್ ಹಾಕುವ ಒಂದು ಸಣ್ಣ ಸಾಫ್ಟ್‌ವೇರ್ ನಡೆಸುತ್ತೇವೆ. ತಿಂಗಳಿಗೆ 499 ರೂಪಾಯಿ ಚಂದಾ. ಗೆಳೆಯ ಬೆಂಗಳೂರಿನಲ್ಲಿದ್ದುಕೊಂಡು ಪರದೆಯ ಮೇಲೆ ಕಾಣುವುದನ್ನೆಲ್ಲ ನೋಡಿಕೊಳ್ಳುತ್ತಾನೆ. ಚಂದಾ ವಸೂಲಿಯ ಭಾಗ ನನ್ನದು. ನಾನಿರುವುದು ವರವು ಕಾವಲಿನ ಅಂಚಿನ ಊರಿನಲ್ಲಿ. ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ 2017ರಿಂದ ಡಿಆರ್‌ಡಿಓದ ವಿಮಾನ ಪರೀಕ್ಷಾ ಕೇಂದ್ರವಿದೆ. ಬೇಲಿಯಾಚೆ ಪೈಲಟ್ ಇಲ್ಲದ ವಿಮಾನ ಹಾರುತ್ತದೆ, ಈಚೆ ಒಂದು ಓಟಿಪಿ ಬರಬೇಕೆಂದರೆ ನಾನು ಮಾಳಿಗೆ ಹತ್ತಬೇಕು.

ಚಂದಾ ವಸೂಲಿ ಎಂದರೆ ಪ್ರತಿ ತಿಂಗಳು ಗ್ರಾಹಕರ ಕಾರ್ಡಿನಿಂದ ದುಡ್ಡು ತಾನಾಗಿ ಬರುತ್ತದೆ, ಅದರಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ಬಂದರೆ ಕೆಲಸವಿಲ್ಲ, ನಿಜ. ಬಾರದೇ ಹೋದ ದಿನ ಏನು ಮಾಡಬೇಕು ಎನ್ನುವುದೇ ಈ ಉದ್ಯೋಗದ ಮುಕ್ಕಾಲು ಪಾಲು.

ಮೊದಲು ಬರುವ ದಾರಿಯನ್ನು ಹೇಳಿಬಿಡುತ್ತೇನೆ. ಗ್ರಾಹಕರು ಚಂದಾದಾರರಾಗುವಾಗ ಒಂದು ಸಲ ಓಟಿಪಿ ಕೊಟ್ಟು, ‘ಇವರು ನನ್ನ ಕಾರ್ಡಿನಿಂದ ತಿಂಗಳಿಗೊಮ್ಮೆ ಇಷ್ಟು ತೆಗೆದುಕೊಳ್ಳಬಹುದು’ ಎಂದು ಬ್ಯಾಂಕಿಗೆ ಒಪ್ಪಿಗೆ ಕೊಡುತ್ತಾರೆ. ಇದಕ್ಕೆ ಮ್ಯಾಂಡೇಟ್ ಎಂದು ಹೆಸರು. ಕಾರ್ಡಿನ ನಂಬರು ನಮ್ಮ ಹತ್ತಿರ ಇರುವುದಿಲ್ಲ. ಅದನ್ನು ವ್ಯಾಪಾರಿಗಳು ಇಟ್ಟುಕೊಳ್ಳುವುದನ್ನು ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರಿನಿಂದ ನಿಲ್ಲಿಸಿದೆ. ನಂಬರಿನ ಬದಲಿಗೆ ಟೋಕನ್ ಎಂಬ ಒಂದು ಬದಲಿ ಗುರುತು ಇರುತ್ತದೆ, ಅಷ್ಟೆ. ದುಡ್ಡು ತೆಗೆಯುವ ಮುನ್ನ, ಕನಿಷ್ಠ 24 ತಾಸು ಮೊದಲು, ‘ನಾಳೆ ಇಷ್ಟು ಹೋಗುತ್ತದೆ’ ಎಂಬ ಸೂಚನೆ ಗ್ರಾಹಕರಿಗೆ ಹೋಗಿರಬೇಕು. 15,000 ರೂಪಾಯಿಗಿಂತ ಹೆಚ್ಚಿನ ಚಂದಾ ಆದರೆ ಸಾಮಾನ್ಯವಾಗಿ ಪ್ರತಿ ಸಲವೂ ಓಟಿಪಿ ಬೇಕು. 2021ರ ಅಕ್ಟೋಬರ್ 1ರಂದು ಈ ನಿಯಮ ಪೂರ್ತಿ ಜಾರಿಗೆ ಬಂದಾಗ ಆ ಮಿತಿ 5,000 ಇತ್ತು. ಆ ದಿನಗಳಲ್ಲಿ ಅನೇಕರ ಆಟೋ ಡೆಬಿಟ್‌ಗಳು ಒಮ್ಮೆಲೇ ನಿಂತುಹೋದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಹೊರದೇಶದವರು ಬರೆದ ಕೈಪಿಡಿಗಳನ್ನು ಓದಿ ಈ ಕೆಲಸಕ್ಕೆ ಇಳಿದವರಿಗೆ ಮೊದಲು ಸಿಗುವ ಸಲಹೆ ಒಂದೇ: ಕಾರ್ಡು ಸೋತರೆ ಮತ್ತೆ ಯತ್ನಿಸಿ, ಇನ್ನೊಮ್ಮೆ ಸೋತರೆ ಇನ್ನೊಮ್ಮೆ ಯತ್ನಿಸಿ. ನಮ್ಮಲ್ಲಿ ಮರುಯತ್ನ ಅಷ್ಟು ಸದ್ದಿಲ್ಲದೆ ನಡೆಯುವುದಿಲ್ಲ. ನಾವು ಬಳಸುವ ಗೇಟ್‌ವೇ ಕಾರ್ಡಿನ ಪ್ರತಿ ಹೊಸ ಯತ್ನಕ್ಕೂ ಮತ್ತೊಂದು ಸೂಚನೆ ಕಳಿಸಿ, 24 ತಾಸು ಕಾದೇ ಮುಂದುವರಿಯುತ್ತದೆ. ಅಂದರೆ ಮರುಯತ್ನ ಎನ್ನುವುದು ಇನ್ನೊಮ್ಮೆ ಬಾಗಿಲು ಬಡಿಯುವುದಲ್ಲ; ನಾಳೆ ಬರುತ್ತೇನೆ ಎಂದು ಹೇಳಿಕಳಿಸಿ, ನಾಳೆ ಹೋಗಿ ಬಡಿಯುವುದು. ಹೀಗಾಗಿ ಏಳು ದಿನದ ವಾಯಿದೆಯಲ್ಲಿ ನಮಗೆ ಸಿಗುವ ಅರ್ಥವುಳ್ಳ ಮರುಯತ್ನಗಳು ಎರಡು, ಹೆಚ್ಚೆಂದರೆ ಮೂರು. ಅವನ್ನು ಯಾವ ದಿನಕ್ಕೆ ಇಟ್ಟುಕೊಳ್ಳಬೇಕು ಎನ್ನುವುದೇ ಲೆಕ್ಕ.

ಆ ಲೆಕ್ಕಕ್ಕೆ ಮುಂಚೆ ಸೋಲಿಗೆ ಕಾರಣವೇನು ಎಂದು ಓದಬೇಕು. ಬ್ಯಾಂಕು ‘ಇಲ್ಲ’ ಎನ್ನುವಾಗ ಒಂದು ಎರಡಂಕಿಯ ಸಂಕೇತವನ್ನೂ ಕೊಡುತ್ತದೆ. 51 ಎಂದರೆ ಖಾತೆಯಲ್ಲಿ ದುಡ್ಡು ಸಾಲದು. 91 ಎಂದರೆ ಬ್ಯಾಂಕಿನ ಕಂಪ್ಯೂಟರ್ ಸದ್ಯಕ್ಕೆ ಸಿಗುತ್ತಿಲ್ಲ. 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ, 41 ಎಂದರೆ ಕಳೆದುಹೋದ ಕಾರ್ಡು, 43 ಎಂದರೆ ಕದ್ದ ಕಾರ್ಡು. ಮೊದಲಿನ ಎರಡಕ್ಕೆ ಕಾದರೆ ಪ್ರಯೋಜನವಿದೆ. ಕೊನೆಯ ಮೂರಕ್ಕೆ ನೂರು ಸಲ ಯತ್ನಿಸಿದರೂ ಉತ್ತರ ಅದೇ, ಮೇಲೆ ಬ್ಯಾಂಕಿನ ಕಣ್ಣಿಗೆ ನಾವೇ ಕಳ್ಳರಂತೆ ಕಾಣತೊಡಗುತ್ತೇವೆ. ಇವೆರಡರ ನಡುವೆ 05 ಎಂಬುದೊಂದಿದೆ. ‘ಕೊಡಬೇಡ’ ಎಂದಷ್ಟೇ ಅದರ ಅರ್ಥ, ಯಾಕೆ ಎಂದು ಹೇಳುವುದಿಲ್ಲ. ಹೆಣ್ಣು ಕೇಳಲು ಹೋದಾಗ ‘ಮುಂದೆ ನೋಡೋಣ’ ಎನ್ನುವ ಬೀಗರ ಮಾತಿದ್ದಂತೆ. ಅದಕ್ಕೆ ನಾವು ಒಂದೇ ಒಂದು ಸಲ ಮತ್ತೆ ಯತ್ನಿಸಿ, ಆಮೇಲೆ ಫೋನು ಮಾಡುತ್ತೇವೆ.

51ರ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಕಡೆ ಹೆಚ್ಚು ಬರುವುದು ಅದೇ. ನಮ್ಮ ಗ್ರಾಹಕರು ಬಡವರೇನಲ್ಲ. ಆದರೆ ವ್ಯಾಪಾರದ ದುಡ್ಡೆಲ್ಲ ಕರೆಂಟ್ ಖಾತೆಯಲ್ಲಿ ಓಡಾಡುತ್ತಿರುತ್ತದೆ, ಆಟೋ ಡೆಬಿಟ್‌ಗೆ ಕೊಟ್ಟ ಕಾರ್ಡು ಮಾತ್ರ ಯಾವುದೋ ಉಳಿತಾಯ ಖಾತೆಯದು. ಅದರಲ್ಲಿ ಬೇಕಾದಷ್ಟೇ ಇಟ್ಟಿರುತ್ತಾರೆ, ಸಾಲದ ಕಂತಿಗೆ ಸರಿಯಾಗುವಷ್ಟು. ಆ ಕಂತು ಬಹಳ ಜನರಿಗೆ ತಿಂಗಳ 5ನೇ ತಾರೀಖು. ಹಾಗಾಗಿ 3, 4ನೇ ತಾರೀಖು ಅಂಥ ಖಾತೆಗಳು ತುಂಬಿಕೊಂಡಿರುತ್ತವೆ. ವಸೂಲಿಯವನ ಕಣ್ಣಿಗೆ ಅದು ಹೇಳಿ ಮಾಡಿಸಿದ ದಿನ.

ಮೊಳಕಾಲ್ಮೂರಿನ ಸೀರೆ ಅಂಗಡಿಯ ಯಜಮಾನರೊಬ್ಬರು ನಮ್ಮ ಚಂದಾ ಹಿಡಿಯುವ ಮೊದಲೇ ಆ ದಿನದ ಕಥೆ ಹೇಳಿದ್ದರು. ಖಾತೆಯಲ್ಲಿ 8,300 ಇತ್ತಂತೆ. 5ಕ್ಕೆ 8,000ದ ಕಂತು. 4ನೇ ತಾರೀಖು ಯಾವುದೋ ಆಪ್‌ನವರು ತಮ್ಮ ಬಾಕಿ 499ನ್ನು ಮರುಯತ್ನದಲ್ಲಿ ಎಳೆದುಕೊಂಡರು. ಉಳಿದದ್ದು 7,801. ಮರುದಿನ ಕಂತು ವಾಪಸಾಯಿತು. ಬ್ಯಾಂಕಿನವರು ಒಂದು ದಂಡ ಹಾಕಿದರು, ಸಾಲ ಕೊಟ್ಟವರು ಇನ್ನೊಂದು. “ಅವ್ರ ಐನೂರು ರೂಪಾಯಿಗೆ ನಾನು ಸಾವಿರದ ಮ್ಯಾಲೆ ದಂಡ ಕಟ್ಟೀನಿ ತಮ್ಮಾ. ಕೇಳಿದ್ರೆ ನಾನೇ ಕೊಟ್ಟಿದ್ನಲ್ಲ, ಕರಾರು ಅದೇ ಐತೆ” ಎಂದರು. ಆ ಆಪ್‌ನವರ ಪರದೆಯ ಮೇಲೆ ಅವತ್ತು ‘ಯಶಸ್ವಿ’ ಎಂದು ಹಸಿರು ಗುರುತು ಮೂಡಿರುತ್ತದೆ. ಸಾಫ್ಟ್‌ವೇರಿನ ಲೆಕ್ಕದಲ್ಲಿ ಅದು ಗೆದ್ದ ಮರುಯತ್ನ. ಅಪ್ಪನ ಪುಸ್ತಕದಲ್ಲಾದರೆ ಅಂಥ ವಸೂಲಿಗೆ ಬೇರೆಯೇ ಹೆಸರಿರುತ್ತಿತ್ತು.

ಹಾಗಾಗಿ ನಮ್ಮ ಪಟ್ಟಿಯಲ್ಲಿ 3ರಿಂದ 5ರವರೆಗೆ ಮರುಯತ್ನವಿಲ್ಲ. ತಿಂಗಳ ಕೊನೆಯ ದಿನ 51 ಬಂದರೆ ಮೊದಲ ಮರುಯತ್ನ 2ನೇ ತಾರೀಖು, ಎರಡನೆಯದು 7ಕ್ಕೆ. ಎರಡೂ ಬೆಳಿಗ್ಗೆ ಹನ್ನೊಂದರ ಮೇಲೆ. ನಡುರಾತ್ರಿ ಹನ್ನೆರಡಕ್ಕೆ ಯತ್ನಿಸುವ ಪದ್ಧತಿ ಯಂತ್ರಕ್ಕೆ ಸಲೀಸು. ಆದರೆ ಆ ಹೊತ್ತಿಗೆ ಬ್ಯಾಂಕುಗಳು ತಮ್ಮ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತವೆ. ಸೋತರೆ ಎದ್ದು ನೋಡುವವರೂ ಯಾರೂ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಓದುಗರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಬ್ಯಾಂಕು ಹೌದು ಎನ್ನಬಹುದು, ಇಲ್ಲ ಎನ್ನಬಹುದು, ಏನೂ ಹೇಳದೆಯೂ ಇರಬಹುದು. ಕೋರಿಕೆ ಹೋಗಿದೆ, ಉತ್ತರ ಬರುವಷ್ಟರಲ್ಲಿ ಸಂಪರ್ಕ ಕಡಿದಿದೆ. ದುಡ್ಡು ಹೋಯಿತೋ ಇಲ್ಲವೋ ತಿಳಿಯದು. ಇದನ್ನು ಸೋಲು ಎಂದುಕೊಂಡು ಮತ್ತೆ ಯತ್ನಿಸಿದರೆ ಒಂದೇ ತಿಂಗಳಿಗೆ ಎರಡು ಸಲ ದುಡ್ಡು ಕಿತ್ತಂತಾಗಬಹುದು. ಅದಕ್ಕಾಗಿ ಪ್ರತಿ ಯತ್ನಕ್ಕೂ ಒಂದು ಚೀಟಿ ಅಂಟಿಸುತ್ತೇವೆ:

```
inv-2023-11-0117-try-2
```

117ನೇ ಗ್ರಾಹಕರ ನವೆಂಬರ್ ಬಿಲ್ಲಿನ ಎರಡನೇ ಯತ್ನ ಎಂದು ಇದರ ಅರ್ಥ. ಉತ್ತರ ಬಾರದಿದ್ದರೆ ಇದೇ ಚೀಟಿಯ ಮೇಲೆ ‘ಏನಾಯಿತು’ ಎಂದು ವಿಚಾರಿಸಬೇಕು. ಅದೇ ಚೀಟಿ ಎರಡನೇ ಸಲ ಬಂದರೆ ಗೇಟ್‌ವೇ ಹಳೆಯ ಉತ್ತರವನ್ನೇ ಕೊಡುತ್ತದೆಯೇ ಹೊರತು ಹೊಸದಾಗಿ ದುಡ್ಡು ಎಳೆಯುವುದಿಲ್ಲ. ಸ್ಪಷ್ಟವಾಗಿ ‘ಇಲ್ಲ’ ಎಂದು ಬಂದಮೇಲಷ್ಟೇ `try-3` ಎಂದು ಹೊಸ ಚೀಟಿ ಬರೆಯಬೇಕು. ಖಾತೆಯಿಂದ ಹೋಗಿಯೂ ನಮಗೆ ತಲುಪದ ದುಡ್ಡನ್ನು ಐದು ದಿನದೊಳಗೆ ಬ್ಯಾಂಕು ತಾನಾಗಿ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ಆದೇಶ 2019ರಿಂದಲೇ ಇದೆ. ನಮ್ಮ ವಾಯಿದೆ ಐದು ದಿನಕ್ಕಿಂತ ಚಿಕ್ಕದಾಗಿರಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ದುಡ್ಡು ನಡುದಾರಿಯಲ್ಲಿ ಸಿಕ್ಕಿಬಿದ್ದಿರುವಾಗ ಗ್ರಾಹಕರಿಗೆ ಇನ್ನೊಮ್ಮೆ ಕಟ್ಟಿ ಎನ್ನುವುದು ಹೇಗೆ?

ಇನ್ನು ವಾಯಿದೆ ಮುಗಿದ ಮೇಲೆ ಏನು ಎಂಬ ಪ್ರಶ್ನೆ. ಗೆಳೆಯನಿಗೂ ನನಗೂ ಜಗಳವಿದ್ದದ್ದು ಇಲ್ಲೇ. ಅವನ ಮಾತು ಸರಳ: “ಬೀಗ ಹಾಕಿದ್ರೆ ತಾನೇ ಕಣೋ ದುಡ್ಡು ಬರೋದು. ಕರೆಂಟಿನವರು ಫ್ಯೂಸ್ ಕೀಳಲ್ವಾ?” ಏಳನೇ ದಿನ ರಾತ್ರಿ ಹನ್ನೆರಡಕ್ಕೆ ಎಲ್ಲ ಬಂದ್ ಎನ್ನುವುದು ಅವನು ಬರೆದಿಟ್ಟ ನಿಯಮ. ಅವನು ಹೇಳುವುದರಲ್ಲಿ ಸುಳ್ಳಿಲ್ಲ, ಬೀಗಕ್ಕೆ ಹೆದರಿ ಕಟ್ಟುವವರು ಇದ್ದೇ ಇದ್ದಾರೆ. ಆದರೆ ಆ ನಿಯಮ ಒಬ್ಬರ ಮೇಲೆ ಹೇಗೆ ಬೀಳುತ್ತದೆ ಎಂದು 2023ರ ಡಿಸೆಂಬರಿನಲ್ಲಿ ಇಬ್ಬರೂ ನೋಡಿದೆವು.

ಅವರು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಸಾಹುಕಾರರು. ಆಗಸ್ಟ್ 31ರಂದು ಚಂದಾದಾರರಾಗಿದ್ದರು. ಸೆಪ್ಟೆಂಬರಿಗೆ 31 ಇಲ್ಲವಾದ್ದರಿಂದ ಆ ತಿಂಗಳು 30ಕ್ಕೆ, ಅಕ್ಟೋಬರಿನಲ್ಲಿ ಮತ್ತೆ 31ಕ್ಕೆ ಹಣ ಬಂತು. (ಮೂಲ ತಾರೀಖನ್ನು ಬೇರೆಯಾಗಿ ಬರೆದಿಡದೆ ಹಿಂದಿನ ತಿಂಗಳ ತಾರೀಖಿಗೇ ಒಂದು ತಿಂಗಳು ಕೂಡಿಸುತ್ತಾ ಹೋದರೆ 31 ಎಂಬುದು 30 ಆಗಿ, ಫೆಬ್ರುವರಿಯಲ್ಲಿ 28ಕ್ಕೆ ಇಳಿದು, ಆಮೇಲೆ ಎಂದೂ ಮೇಲೇಳುವುದಿಲ್ಲ.) ನವೆಂಬರ್ 30, ಗುರುವಾರ ಬೆಳಿಗ್ಗೆ ಯತ್ನ ಸೋತಿತು. ಸಂಕೇತ 54. ಕಾರ್ಡಿನ ಮೇಲೆ ಅಚ್ಚಾಗಿದ್ದ ಅವಧಿ 10/23, ಅಂದರೆ ಅಕ್ಟೋಬರ್ ಕೊನೆಯ ದಿನದವರೆಗೆ. ಬ್ಯಾಂಕು ಹೊಸ ಕಾರ್ಡು ಕಳಿಸಿತ್ತು, ಸಾಹುಕಾರರು ಅದನ್ನು ಕವರಿನ ಸಮೇತ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದರು. ಹಳೆಯ ಟೋಕನ್ ಹೊಸ ಕಾರ್ಡಿಗೆ ದಾಟಿರಲಿಲ್ಲ.

ಇದಕ್ಕೆ ಮರುಯತ್ನವಿಲ್ಲ, ಹೊಸ ಮ್ಯಾಂಡೇಟೇ ಆಗಬೇಕು. ಯಂತ್ರ ತನ್ನ ಕೆಲಸ ಮಾಡಿ, ‘ಕಾರ್ಡ್ ಬದಲಿಸಿ’ ಎಂಬ ಸಂದೇಶವನ್ನು ಕೊಂಡಿಯ ಸಮೇತ ಮೂರು ಸಲ ಕಳಿಸಿತು. ಮೂರೂ ಹೋದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಮಗನ ಫೋನಿಗೆ. ಖಾತೆ ತಂದೆಯದು, ಕಾರ್ಡು ತಂದೆಯದು, ಬ್ಯಾಂಕಿನಲ್ಲೂ ನಮ್ಮಲ್ಲೂ ಇದ್ದ ಮೊಬೈಲ್ ನಂಬರು ಮಗನದು. ಎಲ್ಲವನ್ನೂ ಹೊಂದಿಸಿಕೊಟ್ಟು ಹೋದವನು ಅವನೇ. ನಮ್ಮ ಕಡೆ ಅರ್ಧದಷ್ಟು ಅಂಗಡಿಗಳ ಕಥೆ ಇದು. ಮಗ ಆ ಸಂದೇಶ ನೋಡಿದ್ದ, ಆದರೆ ಒತ್ತಿರಲಿಲ್ಲ. ‘ನಿಮ್ಮ ಕಾರ್ಡು ನಿಂತಿದೆ, ಈ ಕೊಂಡಿ ಒತ್ತಿ’ ಎಂದು ಬರುವುದೆಲ್ಲ ಮೋಸ ಎಂದು ಬ್ಯಾಂಕು, ಪೊಲೀಸರು, ಪತ್ರಿಕೆಗಳು ವರ್ಷಗಟ್ಟಲೆ ಹೇಳಿಕೊಟ್ಟಿವೆ. ಅವನು ಪಾಠವನ್ನು ಸರಿಯಾಗಿಯೇ ಕಲಿತಿದ್ದ. ನಮ್ಮ ಪ್ರಾಮಾಣಿಕ ಸಂದೇಶಕ್ಕೂ ಕಳ್ಳನ ಸಂದೇಶಕ್ಕೂ ನೋಡಲು ವ್ಯತ್ಯಾಸವೇ ಇರಲಿಲ್ಲ.

ಡಿಸೆಂಬರ್ 7, ಗುರುವಾರ, ವಾಯಿದೆಯ ಕೊನೆಯ ದಿನ. ರಾತ್ರಿ ಒಂಬತ್ತೂವರೆಗೆ ಸಾಹುಕಾರರು ನನಗೆ ಫೋನು ಮಾಡಿದರು. ಪರದೆಯ ಮೇಲೆ ‘ಇಂದು ಮಧ್ಯರಾತ್ರಿ ನಿಲ್ಲುತ್ತದೆ’ ಎಂಬ ಕೆಂಪು ಪಟ್ಟಿ ಬಂದಿದೆ, ಅದನ್ನು ಅವರ ಗುಮಾಸ್ತ ಓದಿ ಹೇಳಿದ್ದಾನೆ.

“ಏನಪ್ಪಾ ಇದು, ಲಾರಿ ಲೋಡ್ ಆಗ್ತಾ ಐತೆ. ಎರಡು ಗಂಟೆಗೆ ಹೊರಡಬೇಕು. ಬಿಲ್ ಹೆಂಗ್ ಹಾಕ್ಲಿ?”

ಅದು ಬರದ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಮಿಲ್ಲಿಗೆ ಕಾಯಿ ಸಿಕ್ಕಿದ್ದೇ ಕಡಿಮೆ, ಅದರಲ್ಲಿ ಒಂದು ಲೋಡು ಎಣ್ಣೆ ಹೊರಗೆ ಹೋಗುತ್ತಿದೆ. 50,000 ರೂಪಾಯಿ ದಾಟಿದ ಸರಕು ಈ-ವೇ ಬಿಲ್ ಇಲ್ಲದೆ ರಸ್ತೆಗಿಳಿದರೆ ಲಾರಿಯನ್ನು ತಡೆದು ನಿಲ್ಲಿಸುತ್ತಾರೆ. ಈ-ವೇ ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲೇ ಮಾಡಿಕೊಳ್ಳಬಹುದು, ಆದರೆ ಅದಕ್ಕೆ ಇನ್ವಾಯ್ಸ್ ನಂಬರು ಬೇಕು. ಜಿಎಸ್‌ಟಿ ಪ್ರಕಾರ ಆ ನಂಬರು ಸರಣಿ ತಪ್ಪದೆ ಬರಬೇಕು, ಮತ್ತು ಆ ಸರಣಿ ಇರುವುದು ನಮ್ಮ ಸಾಫ್ಟ್‌ವೇರಿನೊಳಗೆ. ಅಂದರೆ 499 ರೂಪಾಯಿಯ ಬಾಕಿಗೆ ನಾವು ಬೀಗ ಹಾಕಲು ಹೊರಟದ್ದು ಲಕ್ಷಗಟ್ಟಲೆ ಬೆಲೆಯ ಎಣ್ಣೆಗೆ. ಲೆಕ್ಕದ ಪುಸ್ತಕ ನಮ್ಮದಲ್ಲ, ಅವರದು. ನಾವು ಕಪಾಟು ಬಾಡಿಗೆಗೆ ಕೊಟ್ಟವರು ಮಾತ್ರ.

ಗೆಳೆಯನಿಗೆ ಫೋನು ಮಾಡಿದೆ. ಅವನು ಎರಡು ನಿಮಿಷ ಸುಮ್ಮನಿದ್ದು, “ಒಂದು ದಿನ ಮುಂದಕ್ಕೆ ಹಾಕು” ಎಂದ. ನಾನು ಮಾಳಿಗೆಗೆ ಹೋಗಿ ಲ್ಯಾಪ್‌ಟಾಪಿಗೆ ಫೋನಿನ ಇಂಟರ್ನೆಟ್ ಕೊಟ್ಟು ವಾಯಿದೆಯನ್ನು 8ನೇ ತಾರೀಖಿಗೆ ಬದಲಿಸಿದೆ. ಲಾರಿ ಹೊರಟಿತು. ಬೆಳಿಗ್ಗೆ ಸಾಹುಕಾರರ ಮಿಲ್ಲಿಗೆ ಹೋಗಿ, ಕವರಿನಿಂದ ಹೊಸ ಕಾರ್ಡು ತೆಗೆಸಿ ಮ್ಯಾಂಡೇಟಿಗೆ ಕೂತೆವು. ಓಟಿಪಿ ಹೋದದ್ದು ಮತ್ತೆ ಬೆಂಗಳೂರಿಗೆ. ಮಗ ಬಸ್ಸಿನಲ್ಲಿದ್ದ. “ಅಪ್ಪಾ, ಓಟಿಪಿ ಯಾರಿಗೂ ಹೇಳಬಾರದು ಅಂತ ಬರೆದೈತೆ” ಎಂದ. “ನಾನು ಯಾರಲ್ಲ ಕಣೋ, ನಿಮ್ಮಪ್ಪ” ಎಂದರು ಸಾಹುಕಾರರು. ಎರಡನೇ ಓಟಿಪಿಗೆ ಕೆಲಸವಾಯಿತು.

ಮುಂದಿನ ಚಂದಾ ಯಾವತ್ತು ಎಂದು ಅವರು ಕೇಳಿದರು. ಡಿಸೆಂಬರ್ 31 ಎಂದೆ, ಜನವರಿ 8 ಅಲ್ಲ. ವಾಯಿದೆಯ ದಿನಗಳಲ್ಲಿ ಅವರು ಸಾಫ್ಟ್‌ವೇರನ್ನು ಬಳಸಿಯೇ ಇದ್ದರು, ಹಾಗಾಗಿ ತಿಂಗಳ ಲೆಕ್ಕ ಮೊದಲಿನ ತಾರೀಖಿನಿಂದಲೇ. ವಾಯಿದೆ ಮುಗಿದು ಪೂರ್ತಿ ನಿಂತುಹೋಗಿ, ವಾರ ಬಿಟ್ಟು ಬಂದು ಕಟ್ಟಿದವರಿಗೆ ಮಾತ್ರ ಕಟ್ಟಿದ ದಿನದಿಂದ ಹೊಸ ತಿಂಗಳು. “ಸರಿ ಐತೆ, ಮಂಡೀಲೂ ಅಂಗೇ” ಎಂದು ಅವರು ಒಪ್ಪಿಕೊಂಡರು.

ಆಮೇಲೆ ಗೆಳೆಯನೇ ನಿಯಮವನ್ನು ತಿದ್ದಿದ. ಈಗ ವಾಯಿದೆ ರಾತ್ರಿ ಮುಗಿಯುವುದಿಲ್ಲ, ಮರುದಿನ, ಅದೂ ಬ್ಯಾಂಕು ತೆರೆದಿರುವ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯುತ್ತದೆ. ಮುಗಿದ ಮೇಲೂ ಬಿಲ್ ಹಾಕುವುದು, ಹಳೆಯ ಲೆಕ್ಕ ನೋಡುವುದು, ಅದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಇನ್ನೂ ಹದಿನೈದು ದಿನ ನಡೆಯುತ್ತದೆ. ಮೊದಲು ನಿಲ್ಲುವುದು ತಿಂಗಳ ವರದಿ, ದಾಸ್ತಾನು ಪಟ್ಟಿ ಮತ್ತು ಎರಡನೇ ಕಂಪ್ಯೂಟರಿನ ಬಳಕೆ. ಇವಿಲ್ಲದಿದ್ದರೆ ಕಿರಿಕಿರಿಯಾಗುತ್ತದೆ, ಲಾರಿ ನಿಲ್ಲುವುದಿಲ್ಲ. ಈ ಸಡಿಲಿಕೆಯನ್ನು ತಿಳಿದು ಪ್ರತಿ ತಿಂಗಳು ಕೊನೆಯ ದಿನವೇ ಕಟ್ಟುವ ಮೂವರಿದ್ದಾರೆ. ಅವರ ಹೆಸರು ನೋಡಿದಾಗಲೆಲ್ಲ ಗೆಳೆಯ ಉರಿದುಬೀಳುತ್ತಾನೆ. ನನಗೆ ಅವರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಒಂದು ದಿನವೂ ತಪ್ಪಿಸಿದವರಲ್ಲ.

ಸಂದೇಶಗಳಿಂದ ಕೊಂಡಿಯನ್ನೂ ತೆಗೆದೆವು. ಕಾರ್ಡಿನ ತೊಂದರೆ ಇದ್ದರೆ ಬಿಲ್ ಹಾಕುವ ಪರದೆಯ ಮೇಲೆಯೇ, ಮೊದಲ ದಿನದಿಂದ, ಕನ್ನಡದಲ್ಲಿ ಎರಡು ಸಾಲು ಕಾಣುತ್ತದೆ. ದಿನವಿಡೀ ಆ ಪರದೆಯ ಮುಂದೆ ಕೂರುವ ಗುಮಾಸ್ತ ಅದನ್ನು ಸಾಹುಕಾರರಿಗೆ ಓದಿ ಹೇಳುತ್ತಾನೆ. ಚಂದಾದಾರರಾಗುವಾಗ ‘ಓಟಿಪಿ ಯಾರ ಫೋನಿಗೆ ಬರುತ್ತದೆ?’ ಎಂಬ ಪ್ರಶ್ನೆಯನ್ನೂ, ಅಂಗಡಿಯಲ್ಲೇ ಇರುವ ಇನ್ನೊಂದು ನಂಬರಿಗೆ ಜಾಗವನ್ನೂ ಸೇರಿಸಿದ್ದೇವೆ.

ಈಚೆಗೆ ಹೊಸಬರು ಕಾರ್ಡಿನ ಬದಲು ಯುಪಿಐ ಆಟೋಪೇ ಕೊಡುತ್ತಿದ್ದಾರೆ. ತಮ್ಮದೇ ಫೋನು, ತಮ್ಮದೇ ಪಿನ್ನು. ಕಾರ್ಡಿನ ಅವಧಿಯ ಚಿಂತೆಯಿಲ್ಲ. ಅಲ್ಲಿ ಮರುಯತ್ನಕ್ಕೆ ಬೇರೆ ಕಟ್ಟುಪಾಡಿದೆ: 2025ರ ಆಗಸ್ಟಿನಿಂದ ಒಂದು ವಸೂಲಿಗೆ ಮೊದಲ ಯತ್ನ ಬಿಟ್ಟು ಮೂರೇ ಮರುಯತ್ನ, ಅವೂ ಜನ ಹೆಚ್ಚು ಬಳಸದ ಹೊತ್ತಿನಲ್ಲಿ. ಬೆಳಿಗ್ಗೆ ಹನ್ನೊಂದರ ನಮ್ಮ ವಾಡಿಕೆಯನ್ನು ಅವರಿಗಾಗಿ ಮಧ್ಯಾಹ್ನ ಎರಡಕ್ಕೆ ತಳ್ಳಿದ್ದೇವೆ. ಬೇಡವೆನಿಸಿದ ಗ್ರಾಹಕರು ತಮ್ಮ ಆಪ್‌ನಲ್ಲೇ ಎರಡು ಸಲ ಒತ್ತಿ ಮ್ಯಾಂಡೇಟನ್ನು ರದ್ದು ಮಾಡಬಹುದು. ಅದು ನಮಗೆ ಒಂದು ಸಾಲಿನ ಸೂಚನೆಯಾಗಿ ಬರುತ್ತದೆ, ಕಾರಣವಿರುವುದಿಲ್ಲ. ಅಂಥದಕ್ಕೆ ಯಂತ್ರದಿಂದ ಏನನ್ನೂ ಕಳಿಸುವುದಿಲ್ಲ. ಮರುದಿನ ಚಳ್ಳಕೆರೆಗೆ ಹೋದಾಗ ಅವರ ಅಂಗಡಿಯ ಮುಂದೆ ಬೈಕು ನಿಲ್ಲಿಸುತ್ತೇನೆ.